ನಲವತ್ತು ಎಂದುಕೊಂಡದ್ದು ಇಪ್ಪತ್ತೆಂಟು: ಒಂದು ಗಾಚಾ ಬ್ಯಾನರ್‌ನ ಲೆಕ್ಕ

ನನ್ನ ತಂಗಿ ತಿಂಗಳುಗಟ್ಟಲೆ ಕೂಡಿಟ್ಟ 14,400 ಪ್ರೈಮೋಜೆಮ್‌ಗಳನ್ನು ತೋರಿಸಿ, "ಅಣ್ಣಾ, ಈ ಸಲ ಫುರಿನಾ ಬಂದೇ ಬರುತ್ತಾಳೆ" ಎಂದಳು. ಗೆನ್‌ಶಿನ್ ಇಂಪ್ಯಾಕ್ಟ್ ಒಂದು ಗಾಚಾ ಆಟ: ಪ್ರೈಮೋಜೆಮ್ ಎಂಬ ಆಟದ ನಾಣ್ಯ ತೆತ್ತು ಪಾತ್ರಗಳನ್ನು ಲಾಟರಿಯಂತೆ ಎತ್ತಬೇಕು. ಹಾಗೆ ಒಮ್ಮೆ ಎತ್ತುವುದೇ ಪುಲ್, ಒಂದು ಪುಲ್‌ಗೆ 160 ಪ್ರೈಮೋಜೆಮ್ ಬೇಕು. ಹಾಗಾಗಿ ಅವಳ ಕೈಯಲ್ಲಿದ್ದದ್ದು ಸರಿಯಾಗಿ 90 ಪುಲ್. ಫುರಿನಾ ಫೀಚರ್ಡ್ ಪಾತ್ರವಾಗಿ, ಅಂದರೆ ಮುಖ್ಯ ಬಹುಮಾನವಾಗಿ ಬಂದಿದ್ದ ಬ್ಯಾನರ್ ಎಂಬ ಲಾಟರಿ ಮುಗಿಯಲು ಒಂಬತ್ತು ದಿನ ಉಳಿದಿತ್ತು.

ಅವಳ ಲೆಕ್ಕ ಹೀಗಿತ್ತು. ಹಿಂದೊಮ್ಮೆ ಅವಳಿಗೆ ಬೇಡದ, ಆದರೆ ಫುರಿನಾಳಂತೆಯೇ ಐದು ನಕ್ಷತ್ರದ ಅತಿ ಅಪರೂಪದ ದರ್ಜೆಯ ಪಾತ್ರ ಚೀಚೀ ಬಂದಿದ್ದಳು. ಫೀಚರ್ಡ್ ಅಲ್ಲದವಳು ಒಮ್ಮೆ ಬಂದರೆ ಮುಂದಿನ ಸಲ ಫೀಚರ್ಡ್ ಪಾತ್ರವೇ ಬರಬೇಕೆಂಬ ನಿಯಮವಿರುವುದರಿಂದ ಗ್ಯಾರಂಟಿ ತನ್ನ ಕೈಯಲ್ಲಿದೆ. ಚೀಚೀ ಬಂದ ಮೇಲೆ 40 ಪುಲ್ ಮಾಡಿದ್ದಾಗಿದೆ. ಐದು ನಕ್ಷತ್ರದ ಪಾತ್ರ ಬರಲು ಗರಿಷ್ಠ ಮಿತಿ 90 ಪುಲ್ ಆದ್ದರಿಂದ ಇನ್ನು 50 ಪುಲ್‌ನೊಳಗೆ ಫುರಿನಾ ಸಿಗುತ್ತಾಳೆ, ಮಿಕ್ಕ 40 ಮುಂದಿನ ಪಾತ್ರಕ್ಕೆ ಉಳಿಯುತ್ತವೆ. ನಿಯಮಗಳನ್ನೆಲ್ಲ ಅವಳು ಸರಿಯಾಗಿಯೇ ತಿಳಿದಿದ್ದಳು. ಆದರೂ ಲೆಕ್ಕ ತಪ್ಪಾಗಿತ್ತು, ಎರಡು ಕಡೆ ತಪ್ಪಾಗಿತ್ತು, ಮತ್ತು ಎರಡು ತಪ್ಪಿಗೂ ಮೂಲ ಒಂದೇ ಆಗಿತ್ತು. ಪುಲ್ ಮಾಡುವವರು ಅತಿ ಹೆಚ್ಚು ಎಡವುವುದು ಇದೇ ಜಾಗದಲ್ಲಿ ಎಂದು ನನಗೆ ಅನ್ನಿಸುವುದರಿಂದ ಅಂದು ಸಂಜೆ ನಡೆದದ್ದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಆಟದೊಳಗಿನ ಪುಲ್ ಇತಿಹಾಸವನ್ನು ತೆರೆದೆವು. ಬ್ಯಾನರ್ ಪರದೆಯಲ್ಲಿಯೇ ಅದಕ್ಕೊಂದು ಗುಂಡಿ ಇದೆ. ಅಲ್ಲಿ ಕಾಣುವುದು ಒಂದೇ ಪಟ್ಟಿಯಲ್ಲ. ಫುರಿನಾಳದಂಥ ಪಾತ್ರಗಳ ಈವೆಂಟ್ ಬ್ಯಾನರ್‌ಗೆ ಒಂದು ಪಟ್ಟಿ, ಆಯುಧಗಳ ಬ್ಯಾನರ್‌ಗೆ ಇನ್ನೊಂದು, ಎಂದೂ ಮುಗಿಯದ ಸ್ಟ್ಯಾಂಡರ್ಡ್ ಬ್ಯಾನರ್‌ಗೆ ಮತ್ತೊಂದು. ಪಟ್ಟಿ ಬೇರೆಯಾದಂತೆ ಎಣಿಕೆಯೂ ಬೇರೆ. ಆಟಗಾರರು 'ಪಿಟಿ' ಎಂದು ಕರೆಯುವುದು ಈ ಎಣಿಕೆಯನ್ನೇ: ಕೊನೆಯ ಐದು ನಕ್ಷತ್ರದ ನಂತರ ಆ ಬಗೆಯ ಬ್ಯಾನರ್‌ನಲ್ಲಿ ಎಷ್ಟು ಪುಲ್ ಆಗಿದೆ ಎಂಬ ಸಂಖ್ಯೆ. ಒಂದು ಈವೆಂಟ್ ಬ್ಯಾನರ್ ಮುಗಿದು ಮುಂದಿನದು ಬಂದಾಗ ಪಿಟಿ ಅಳಿಯುವುದಿಲ್ಲ, ಹಾಗೆಯೇ ಮುಂದುವರಿಯುತ್ತದೆ. ಏಕಕಾಲದಲ್ಲಿ ಎರಡು ಪಾತ್ರಗಳ ಈವೆಂಟ್ ಬ್ಯಾನರ್ ನಡೆಯುತ್ತಿದ್ದರೂ ಎರಡಕ್ಕೂ ಸೇರಿ ಒಂದೇ ಎಣಿಕೆ. ಆದರೆ ಸ್ಟ್ಯಾಂಡರ್ಡ್ ಬ್ಯಾನರ್‌ನ ಒಂದು ಪುಲ್ ಕೂಡ ಈವೆಂಟ್ ಎಣಿಕೆಗೆ ಸೇರುವುದಿಲ್ಲ.

ಪಾತ್ರಗಳ ಈವೆಂಟ್ ಪಟ್ಟಿಯಲ್ಲಿ ತೀರ ಮೇಲಿನ ಸಾಲಿನಿಂದ ಕೆಳಗೆ ಎಣಿಸುತ್ತ ಹೋದೆವು. ಮೂರು ನಕ್ಷತ್ರ, ನಾಲ್ಕು ನಕ್ಷತ್ರದ ಸಾಲುಗಳು 28 ಬಂದವು. ಇಪ್ಪತ್ತೊಂಬತ್ತನೆಯ ಸಾಲಿನಲ್ಲಿ ಚಿನ್ನದ ಬಣ್ಣದ ಹೆಸರು ಸಿಕ್ಕಿತು. ಅದು ಚೀಚೀ ಆಗಿರಲಿಲ್ಲ. ಎಷ್ಟೋ ತಿಂಗಳ ಹಿಂದೆ ಆಗಿನ ಬ್ಯಾನರ್‌ನಲ್ಲಿ ಸಿಕ್ಕಿದ್ದ ಫೀಚರ್ಡ್ ಪಾತ್ರವೇ ಅಲ್ಲಿತ್ತು. ಹಾಗಾದರೆ ಚೀಚೀ ಎಲ್ಲಿ ಎಂದು ಹುಡುಕಿದರೆ ಸ್ಟ್ಯಾಂಡರ್ಡ್ ಬ್ಯಾನರ್‌ನ ಪಟ್ಟಿಯಲ್ಲಿದ್ದಳು, ಅವಳ ಮೇಲೆ ಇನ್ನೂ 12 ಸಾಲುಗಳಿದ್ದವು. ಇಪ್ಪತ್ತೆಂಟಕ್ಕೆ ಹನ್ನೆರಡು ಸೇರಿ ನಲವತ್ತು. ಚೀಚೀ ಬಂದ ಮೇಲೆ ನಲವತ್ತು ಪುಲ್ ಆಗಿತ್ತೆಂಬ ತಂಗಿಯ ನೆನಪು ಸುಳ್ಳಲ್ಲ. ಎರಡು ಬೇರೆ ಎಣಿಕೆಗಳನ್ನು ಕೂಡಿಸಿದ್ದಷ್ಟೇ ತಪ್ಪು.

ಹನ್ನೆರಡರ ವ್ಯತ್ಯಾಸ ಸಣ್ಣದು. ದೊಡ್ಡ ಪೆಟ್ಟು ಬಿದ್ದದ್ದು ಗ್ಯಾರಂಟಿಗೆ. ಫೀಚರ್ಡ್ ಅಲ್ಲದ ಪಾತ್ರ ಬಂದರೆ ಮುಂದಿನದು ಫೀಚರ್ಡ್ ಎಂಬ ನಿಯಮ ಈವೆಂಟ್ ಬ್ಯಾನರ್‌ನದು. ಸ್ಟ್ಯಾಂಡರ್ಡ್ ಬ್ಯಾನರ್‌ನಲ್ಲಿ ಫೀಚರ್ಡ್ ಎಂಬುದೇ ಇಲ್ಲ, ಆದ್ದರಿಂದ ಅಲ್ಲಿ ಚೀಚೀ ಬಂದದ್ದು ಸೋಲೂ ಅಲ್ಲ, ಅದಕ್ಕೆ ಪರಿಹಾರವೂ ಇಲ್ಲ. ಈವೆಂಟ್ ಪಟ್ಟಿಯ ಕೊನೆಯ ಚಿನ್ನದ ಸಾಲು ಫೀಚರ್ಡ್ ಪಾತ್ರವಾಗಿದ್ದುದರಿಂದ ತಂಗಿಯ ಕೈಯಲ್ಲಿ ಯಾವ ಗ್ಯಾರಂಟಿಯೂ ಇರಲಿಲ್ಲ. ಅದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಗ್ಯಾರಂಟಿ ಇದೆಯೋ ಇಲ್ಲವೋ ತಿಳಿಯಲು ಬೇರೆ ದಾರಿ ಬೇಕಿಲ್ಲ. ಈವೆಂಟ್ ಪಟ್ಟಿಯಲ್ಲಿ ಕೊನೆಯ ಐದು ನಕ್ಷತ್ರದ ಹೆಸರು ಯಾವುದು, ಆ ದಿನ ಆ ಬ್ಯಾನರ್‌ನಲ್ಲಿದ್ದ ಪಾತ್ರ ಯಾವುದು ಎಂದು ನೋಡಿದರೆ ಸಾಕು. ಎರಡೂ ಒಂದೇ ಆದರೆ ಗ್ಯಾರಂಟಿ ಇಲ್ಲ, ಬೇರೆಯಾದರೆ ಇದೆ. ಇತಿಹಾಸದ ಪಟ್ಟಿ ಹೊಸದಾಗಲು ಸುಮಾರು ಒಂದು ಗಂಟೆ ತಡವಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಈಗಷ್ಟೇ ಮಾಡಿದ ಪುಲ್ ಅಲ್ಲಿ ಕಾಣದಿದ್ದರೆ ಅದನ್ನು ಕೈಯಾರೆ ಕೂಡಿಸಿಕೊಳ್ಳಬೇಕು.

ಈಗ ದರಗಳ ವಿಷಯ. ಬ್ಯಾನರ್‌ನ ವಿವರ ಪುಟದಲ್ಲಿ ಐದು ನಕ್ಷತ್ರದ ಪಾತ್ರ ಬರುವ ಸಾಧ್ಯತೆಗೆ ಎರಡು ಸಂಖ್ಯೆಗಳಿವೆ. ಮೂಲ ದರ ಶೇ. 0.6. ತೊಂಬತ್ತನೆಯ ಪುಲ್‌ನ ಖಾತರಿಯನ್ನೂ ಸೇರಿಸಿದ ಒಟ್ಟು ದರ ಶೇ. 1.6. ಎರಡನೆಯದನ್ನು ನೋಡಿ, ಪ್ರತಿ ಪುಲ್‌ಗೂ ಶೇ. 1.6 ಅವಕಾಶ ಎಂದುಕೊಳ್ಳುವವರು ಬಹಳ ಜನ. ಹಾಗಲ್ಲ. ಲಕ್ಷಾಂತರ ಪುಲ್‌ಗಳ ಕೊನೆಯಲ್ಲಿ ಬಂದ ಐದು ನಕ್ಷತ್ರಗಳನ್ನು ಒಟ್ಟು ಪುಲ್‌ಗಳಿಂದ ಭಾಗಿಸಿದರೆ ಸಿಗುವ ಸರಾಸರಿ ಅದು. ನೂರನ್ನು 1.6ರಿಂದ ಭಾಗಿಸಿದರೆ 62.5 ಬರುತ್ತದೆ, ಅಂದರೆ ಸರಾಸರಿ ಅರವತ್ತೆರಡು ಅರವತ್ತಮೂರು ಪುಲ್‌ಗೆ ಒಂದು ಐದು ನಕ್ಷತ್ರ.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವಿವರ ಪುಟದಲ್ಲಿ ಬರೆಯದ ಒಂದು ಸಂಗತಿ ಹೊರಬೀಳುತ್ತದೆ. ಗಾಚಾ ಲೆಕ್ಕದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ದರ 89ನೆಯ ಪುಲ್‌ವರೆಗೂ ಶೇ. 0.6 ಆಗಿಯೇ ಇದ್ದು, ತೊಂಬತ್ತನೆಯದರಲ್ಲಿ ಮಾತ್ರ ಖಂಡಿತವಾಗಿ ಬರುವುದಾದರೆ ಸರಾಸರಿ ಎಷ್ಟಾಗಬೇಕು?

```
(1 - 0.994^90) / 0.006 = 69.7
```

ಸುಮಾರು 70 ಪುಲ್. ಹಾಗಿದ್ದರೆ ಒಟ್ಟು ದರ ಶೇ. 1.43 ಎಂದು ಬರೆಯಬೇಕಿತ್ತು. ಪುಟದಲ್ಲಿ ಇರುವುದು 1.6. ಈ ಅಂತರಕ್ಕೆ ಒಂದೇ ಅರ್ಥ: ತೊಂಬತ್ತು ತಲುಪುವ ಮೊದಲೇ ಎಲ್ಲೋ ದರ ಏರತೊಡಗುತ್ತದೆ. ಎಲ್ಲಿ ಎಂಬುದನ್ನು ಆಟಗಾರರು ತಮ್ಮ ಪುಲ್ ಇತಿಹಾಸಗಳನ್ನು ಒಟ್ಟುಗೂಡಿಸಿ ಕಂಡುಕೊಂಡಿದ್ದಾರೆ. 73ನೆಯ ಪುಲ್‌ವರೆಗೆ ದರ 0.6ರಲ್ಲಿಯೇ ನಿಂತಿರುತ್ತದೆ. 74ರಿಂದ ಪ್ರತಿ ಪುಲ್‌ಗೂ ಸುಮಾರು ಆರು ಅಂಶದಂತೆ ಏರುತ್ತದೆ: 74ರಲ್ಲಿ ಶೇ. 6.6, 75ರಲ್ಲಿ 12.6, ಎಂಬತ್ತರ ಹೊತ್ತಿಗೆ 42ನ್ನು ದಾಟಿರುತ್ತದೆ. ಈ ಏರಿಕೆಗೆ 'ಸಾಫ್ಟ್ ಪಿಟಿ' ಎಂದು ಹೆಸರು. ಈ ಏರಿಕೆಯನ್ನು ಸೇರಿಸಿ ಲೆಕ್ಕ ಹಾಕಿದರೆ ಸರಾಸರಿ 62.3 ಬರುತ್ತದೆ, ಪುಟದಲ್ಲಿ ಬರೆದ 1.6ಕ್ಕೆ ಸರಿಹೊಂದುತ್ತದೆ. ಏರಿಕೆಯ ಮೆಟ್ಟಿಲುಗಳು ಆಟಗಾರರ ಅಂದಾಜೇ ಆದರೂ ಅಧಿಕೃತ ಸಂಖ್ಯೆಯೊಂದಿಗೆ ಹೀಗೆ ತಾಳೆಯಾಗುವುದರಿಂದ ಅದನ್ನು ನಂಬಿ ಯೋಜನೆ ಹಾಕಬಹುದು.

ಇದರಿಂದ ತಿಳಿಯಬೇಕಾದದ್ದು ಎರಡು. ಎಪ್ಪತ್ತಮೂರರ ಒಳಗೆ ಪಿಟಿ ಹೆಚ್ಚಾದಂತೆ ಅದೃಷ್ಟ ಹತ್ತಿರವಾಗುವುದಿಲ್ಲ. ಹತ್ತನೆಯ ಪುಲ್‌ಗೂ ಅರವತ್ತನೆಯದಕ್ಕೂ ಅವಕಾಶ ಒಂದೇ, ಸಾವಿರಕ್ಕೆ ಆರು. ಸೊನ್ನೆಯಿಂದ ಹೊರಟವರಲ್ಲಿ ನೂರಕ್ಕೆ 36 ಮಂದಿಗಷ್ಟೇ 73ರೊಳಗೆ ಐದು ನಕ್ಷತ್ರ ಸಿಗುತ್ತದೆ. ಉಳಿದ 64 ಮಂದಿ ಏರಿಕೆಯ ಹೊಸ್ತಿಲಿಗೆ ಬರಲೇಬೇಕು. ಎರಡನೆಯದು, ಹೊಸ್ತಿಲು ದಾಟಿದವರು ತೊಂಬತ್ತರವರೆಗೆ ಹೋಗುವುದು ತೀರ ಅಪರೂಪ. ಹಾಗೆ 73 ದಾಟಿದವರಲ್ಲಿ ನೂರಕ್ಕೆ ಸುಮಾರು 87 ಮಂದಿಗೆ ಎಂಬತ್ತರೊಳಗೇ ಬಂದಿರುತ್ತದೆ. ತೊಂಬತ್ತು ಎಂಬುದು ಗೋಡೆ, ನಿಜವಾದ ಬಾಗಿಲು ಎಪ್ಪತ್ತೈದರಿಂದ ಎಂಬತ್ತರ ನಡುವೆ ಇದೆ.

ಆದರೆ ಆ ಬಾಗಿಲಲ್ಲಿ ಬರುವುದು ಐದು ನಕ್ಷತ್ರದ ಒಂದು ಪಾತ್ರ, ಫುರಿನಾ ಅಲ್ಲ. ಗ್ಯಾರಂಟಿ ಇಲ್ಲದಿದ್ದಾಗ ಅದು ಫೀಚರ್ಡ್ ಪಾತ್ರವಾಗುವ ಮೂಲ ಸಾಧ್ಯತೆ ಅರ್ಧಕ್ಕರ್ಧ. ಆಟಗಾರರು ಇದನ್ನು 'ಫಿಫ್ಟಿ ಫಿಫ್ಟಿ' ಎನ್ನುತ್ತಾರೆ. ಸೋತರೆ ಬರುವುದು ಜೀನ್, ಡಿಲುಕ್, ಚೀಚೀ, ಮೋನಾ, ಕೆಚಿಂಗ್ ಮುಂತಾದ ಸ್ಟ್ಯಾಂಡರ್ಡ್ ಗುಂಪಿನ ಒಬ್ಬರು. 2024ರ ಆಗಸ್ಟ್‌ನಲ್ಲಿ ಬಂದ 5.0 ಆವೃತ್ತಿಯಿಂದ 'ಕ್ಯಾಪ್ಚರಿಂಗ್ ರೇಡಿಯನ್ಸ್' ಎಂಬ ವ್ಯವಸ್ಥೆ ಸೇರಿದೆ. ಸೋಲಬೇಕಿದ್ದ ಕೆಲವು ಸಂದರ್ಭಗಳಲ್ಲಿ ಅದು ಫೀಚರ್ಡ್ ಪಾತ್ರವನ್ನೇ ಕೊಡುತ್ತದೆ, ಅದನ್ನೂ ಸೇರಿಸಿದರೆ ಒಟ್ಟಾರೆ ಗೆಲ್ಲುವ ಪ್ರಮಾಣ ಶೇ. 55. ಇದು ನೆರವೇ ಹೌದು, ಆದರೆ ಗ್ಯಾರಂಟಿಯಲ್ಲ.

ಈ ಎಲ್ಲವನ್ನೂ ತಂಗಿಯ ಸ್ಥಿತಿಗೆ ಹಚ್ಚಿದೆವು. ಪಿಟಿ 28, ಗ್ಯಾರಂಟಿ ಇಲ್ಲ, ಕೈಯಲ್ಲಿ 90 ಪುಲ್. ಅತಿ ಕೆಟ್ಟದ್ದೆಂದರೆ ಮೊದಲ ಐದು ನಕ್ಷತ್ರಕ್ಕೆ ಇನ್ನೂ 62 ಪುಲ್ ಬೇಕು, ಅದು ಸೋತರೆ ಎಣಿಕೆ ಸೊನ್ನೆಗೆ ಇಳಿದು ಮತ್ತೆ 90. ಒಟ್ಟು 152. ಅವಳು ಎಂದುಕೊಂಡದ್ದು 50. ಕೈಯಲ್ಲಿರುವ 90ರಿಂದ ಫುರಿನಾ ಸಿಗುವ ಸಾಧ್ಯತೆ ಎಷ್ಟೆಂದು ಹಂತಹಂತವಾಗಿ ಲೆಕ್ಕ ಹಾಕಿದಾಗ, ಅರ್ಧಕ್ಕರ್ಧ ಎಂದು ಹಿಡಿದರೆ ಶೇ. 64, 55 ಎಂದು ಹಿಡಿದರೆ ಶೇ. 68ರ ಆಸುಪಾಸು ಬಂತು. ಮೂರರಲ್ಲಿ ಎರಡು ಪಾಲು ಸಿಗುತ್ತಾಳೆ, ಒಂದು ಪಾಲು ಸಿಗುವುದಿಲ್ಲ. "ಬಂದೇ ಬರುತ್ತಾಳೆ" ಎಂಬ ಮಾತಿಗೂ ಇದಕ್ಕೂ ಬಹಳ ದೂರ.

ಅವಳು ಪುಲ್ ಮಾಡಲು ನಿರ್ಧರಿಸಿದಳು. ಬೇಕಿದ್ದದ್ದು ಫುರಿನಾ, ಬ್ಯಾನರ್ ಮುಗಿಯುತ್ತಿತ್ತು, ನಿರ್ಧಾರ ಸರಿಯಾಗಿಯೇ ಇತ್ತು.

ಹತ್ತತ್ತರ ಪುಲ್ ನಾಲ್ಕು ಬಾರಿ ಮಾಡಿದಳು. ಹತ್ತು ಪುಲ್‌ಗೆ ಒಂದಾದರೂ ನಾಲ್ಕು ನಕ್ಷತ್ರ ಬರಲೇಬೇಕೆಂಬ ಪ್ರತ್ಯೇಕ ಖಾತರಿ ಇರುವುದರಿಂದ ಅವು ಬಂದವು, ಅದರ ಮೇಲಿನದು ಬರಲಿಲ್ಲ. ಪಿಟಿ 68 ಆಯಿತು. ಇಲ್ಲಿಂದ ಮುಂದೆ ಒಂದೊಂದಾಗಿ ಮಾಡಲು ನಾನು ಹೇಳಿದೆ. ಒಂದೊಂದಾಗಿ ಮಾಡಿದರೆ ದರ ಹೆಚ್ಚುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ, ಅದು ನಿಜವಲ್ಲ. ಹತ್ತರ ಪುಲ್ ಒಳಗೂ ಒಂದೊಂದೇ ಎಣಿಕೆ ನಡೆಯುತ್ತದೆ, ದರ ಅದೇ. ಕಾರಣ ಬೇರೆ: ಹತ್ತರ ಗುಂಡಿ ಒತ್ತಿದ ಮೇಲೆ ಮೂರನೆಯದರಲ್ಲಿ ಐದು ನಕ್ಷತ್ರ ಬಂದರೂ ಉಳಿದ ಏಳನ್ನು ತಡೆಯಲಾಗುವುದಿಲ್ಲ. ಬೇಕಾದ ಪಾತ್ರ ಸಿಕ್ಕ ಕ್ಷಣದಲ್ಲಿ ನಿಲ್ಲಿಸುವ ಸ್ವಾತಂತ್ರ್ಯ ಒಂದೊಂದಾಗಿ ಮಾಡಿದಾಗ ಮಾತ್ರ ಇರುತ್ತದೆ. ಪಿಟಿ ಎಪ್ಪತ್ತರ ಹತ್ತಿರ ಬಂದಾಗ ಆ ಸ್ವಾತಂತ್ರ್ಯಕ್ಕೆ ಬೆಲೆ ಇದೆ.

ಅರವತ್ತೊಂಬತ್ತು, ಎಪ್ಪತ್ತು, ಎಪ್ಪತ್ತೊಂದು. ಅವಳು ಪ್ರತಿ ಬಾರಿಯೂ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಎಪ್ಪತ್ತೇಳನೆಯದರಲ್ಲಿ ಉಲ್ಕೆ ಚಿನ್ನದ ಬಣ್ಣಕ್ಕೆ ತಿರುಗಿತು. ಪರದೆಯ ಮೇಲೆ ಬಂದದ್ದು ಕೆಚಿಂಗ್.

ಆ ಹೊತ್ತಿಗೆ ಖರ್ಚಾಗಿದ್ದದ್ದು 49 ಪುಲ್, ಉಳಿದದ್ದು 41. ಪಿಟಿ ಸೊನ್ನೆ. ಬದಲಾದದ್ದು ಒಂದೇ: ಈಗ ಗ್ಯಾರಂಟಿ ನಿಜವಾಗಿಯೂ ಇತ್ತು. ಮುಂದಿನ ಐದು ನಕ್ಷತ್ರ ಎಷ್ಟನೆಯ ಪುಲ್‌ನಲ್ಲಿ ಬಂದರೂ ಅದು ಆ ಹೊತ್ತಿನ ಫೀಚರ್ಡ್ ಪಾತ್ರವೇ ಆಗಿರಬೇಕು.

"ಇನ್ನು ನಿಲ್ಲಿಸಲಾ?" ಎಂದು ಕೇಳಿದಳು. ನಲವತ್ತೊಂದು ಪುಲ್‌ನಲ್ಲಿ ಐದು ನಕ್ಷತ್ರ ಬರುವ ಸಾಧ್ಯತೆ ಶೇ. 22. ನೋಡಲು ಕಡಿಮೆ. ಆದರೆ ಇಲ್ಲಿ ಪ್ರಶ್ನೆ ಇಪ್ಪತ್ತೆರಡು ದೊಡ್ಡದೋ ಚಿಕ್ಕದೋ ಎಂಬುದಲ್ಲ. ಬಾರದೇ ಹೋದರೆ ಕಳೆದುಕೊಳ್ಳುವುದೇನು ಎಂಬುದು. ಪಿಟಿಯೂ ಗ್ಯಾರಂಟಿಯೂ ಮುಂದಿನ ಬ್ಯಾನರ್‌ಗೆ ದಾಟುವುದರಿಂದ ಆ 41 ಪುಲ್ ಪ್ರೈಮೋಜೆಮ್ ಆಗಿ ಚೀಲದಲ್ಲಿ ಇದ್ದರೂ, ಎಣಿಕೆಯಾಗಿ ಬ್ಯಾನರ್‌ನಲ್ಲಿ ಇದ್ದರೂ ಮುಂದಿನ ಪಾತ್ರಕ್ಕೆ ಬೇಕಾಗುವ ಒಟ್ಟು ಮೊತ್ತ ಒಂದೇ. ಕಳೆದುಕೊಳ್ಳುವುದು ಅವನ್ನು ಆಯುಧದ ಬ್ಯಾನರ್‌ಗೆ ಹಾಕುವ ಆಯ್ಕೆಯನ್ನು ಮಾತ್ರ. ತಂಗಿಗೆ ಅದು ಬೇಕಿರಲಿಲ್ಲ. ಮುಂದಿನ ಆವೃತ್ತಿಯ ಯಾವುದೋ ಪಾತ್ರ ಅವಳಿಗೆ ಫುರಿನಾಗಿಂತ ಹೆಚ್ಚು ಬೇಕಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು, ಏಕೆಂದರೆ ಆಗ ಆ ಶೇ. 22 ಗ್ಯಾರಂಟಿಯನ್ನು ತಪ್ಪು ಪಾತ್ರಕ್ಕೆ ತೆತ್ತುಬಿಡುವ ಅಪಾಯವಾಗುತ್ತಿತ್ತು. ಒಂದೇ ಸಂಖ್ಯೆ ಒಬ್ಬರಿಗೆ ಅವಕಾಶ, ಇನ್ನೊಬ್ಬರಿಗೆ ಅಪಾಯ. ನಿಲ್ಲಿಸಬೇಕೋ ಬೇಡವೋ ಎಂಬುದಕ್ಕೆ ಎಲ್ಲರಿಗೂ ಹೊಂದುವ ಒಂದು ಉತ್ತರ ಇಲ್ಲದಿರುವುದು ಇದರಿಂದಲೇ.

ಅವಳು ಮುಂದುವರಿಸಿದಳು. ನಲವತ್ತೊಂದೂ ಮುಗಿದವು, ಬರಲಿಲ್ಲ.

ಇನ್ನು ಒಂಬತ್ತು ದಿನಗಳಲ್ಲಿ ಎಷ್ಟು ಕೂಡಬಹುದು ಎಂದು ನೋಡಿದೆವು. ಆಟದೊಳಗೆ ಕಮಿಷನ್ ಎಂದು ಕರೆಯುವ ನಿತ್ಯದ ಕೆಲಸಗಳಿಂದ ದಿನಕ್ಕೆ 60 ಪ್ರೈಮೋಜೆಮ್, ಒಂಬತ್ತು ದಿನಕ್ಕೆ 540, ಅಂದರೆ ಮೂರು ಪುಲ್. ಪುಲ್ ಮಾಡುವಾಗ ನಾಲ್ಕು ನಕ್ಷತ್ರಗಳ ಜೊತೆ ಸಿಗುವ ಸ್ಟಾರ್‌ಗ್ಲಿಟರ್ ಅನ್ನು ಹಲವರು ಮರೆಯುತ್ತಾರೆ. ಐದು ಸ್ಟಾರ್‌ಗ್ಲಿಟರ್‌ಗೆ ಅಂಗಡಿಯಲ್ಲಿ ಒಂದು ಪುಲ್ ಸಿಗುತ್ತದೆ. ತೊಂಬತ್ತು ಪುಲ್‌ನಿಂದ ಅವಳಿಗೆ 26 ಸಿಕ್ಕಿತ್ತು, ಅದರಿಂದ ಐದು ಪುಲ್ ಆಯಿತು. ಒಟ್ಟು ಎಂಟು. ಬ್ಯಾನರ್ ಮುಗಿಯುವ ದಿನದವರೆಗೆ ಅವೂ ಮುಗಿದವು. ಪಿಟಿ 49ಕ್ಕೆ ಬಂದು ನಿಂತಿತು, ಏರಿಕೆಯ ಹೊಸ್ತಿಲಿಗೆ ಇನ್ನೂ 25 ದೂರ.

ಆ ಕೊನೆಯ ದಿನ ಹಣ ಕೊಟ್ಟು ಪ್ರೈಮೋಜೆಮ್ ಕೊಳ್ಳುವ ಮಾತು ಬಂತು. ಅತಿ ಕೆಟ್ಟ ಲೆಕ್ಕದಲ್ಲಿ 41 ಪುಲ್, ಅಂದರೆ 6,560 ಪ್ರೈಮೋಜೆಮ್. ಈ ಗಳಿಗೆಯಲ್ಲಿಯೇ ಹೆಚ್ಚಿನವರು ಕೊಳ್ಳುತ್ತಾರೆ. ಇಷ್ಟು ಹಾಕಿದ್ದು ವ್ಯರ್ಥವಾಗುತ್ತದೆ ಎಂಬ ಭಯ ಆಗ ತುಂಬ ಜೋರಾಗಿರುತ್ತದೆ. ಆದರೆ ಈ ಆಟದ ಮಟ್ಟಿಗೆ ಆ ಭಯಕ್ಕೆ ಆಧಾರವಿಲ್ಲ, ನಲವತ್ತೊಂಬತ್ತು ಎಲ್ಲಿಗೂ ಹೋಗುವುದಿಲ್ಲ. ಫುರಿನಾ ಈ ಹಿಂದೆಯೂ ಮರಳಿ ಬಂದಿದ್ದಳು. ತಂಗಿ ಕೊಳ್ಳಲಿಲ್ಲ.

ಈ ಆಟದ ಮಟ್ಟಿಗೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬ್ಲೂ ಆರ್ಕೈವ್‌ನಂಥ ಆಟಗಳಲ್ಲಿ ಪಿಟಿಯ ಬದಲು, 200 ಪುಲ್ ಮಾಡಿದರೆ ಫೀಚರ್ಡ್ ಪಾತ್ರವನ್ನು ನೇರವಾಗಿ ವಿನಿಮಯ ಮಾಡಿಕೊಳ್ಳುವ ಪದ್ಧತಿ ಇದೆ. ಆ ಅಂಕಗಳು ಬ್ಯಾನರ್‌ನೊಂದಿಗೇ ಮುಗಿಯುತ್ತವೆ. ಅಲ್ಲಿ 150ರಲ್ಲಿ ನಿಂತವರಿಗೆ ಮೇಲಿನ ಸಮಾಧಾನ ಸಿಗುವುದಿಲ್ಲ, ಇನ್ನೂರು ಕೈಯಲ್ಲಿ ಇಲ್ಲದೆ ಆರಂಭಿಸುವುದೇ ತಪ್ಪು. ಆರ್ಕ್‌ನೈಟ್ಸ್‌ನಲ್ಲಿ ಆರು ನಕ್ಷತ್ರದ ದರ ಶೇ. 2, ಐವತ್ತು ಪುಲ್ ಬರಿದಾದ ಮೇಲೆ ಪ್ರತಿ ಪುಲ್‌ಗೂ ಎರಡಂಶ ಏರುತ್ತದೆ ಎಂದು ಆಟದಲ್ಲಿಯೇ ಬರೆದಿದೆ. ಏರಿಕೆಯನ್ನು ಆಟಗಾರರು ಊಹಿಸಬೇಕಿಲ್ಲ. ಎಲ್ಲ ಆಟಗಳೂ ಹೀಗೆ ಬರೆಯಬೇಕೆಂದು ನಾನು ಬಲವಾಗಿ ನಂಬುತ್ತೇನೆ. ದರಗಳನ್ನು ಪ್ರಕಟಿಸಲೇಬೇಕೆಂಬ ನಿಯಮ ಚೀನಾದಲ್ಲಿ ಜಾರಿಯಾದದ್ದು 2017ರ ಮೇ ತಿಂಗಳಲ್ಲಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್‌ನ ನಿಯಮಗಳಲ್ಲಿಯೂ ಅದನ್ನು ಸೇರಿಸಿತು. ನಮಗೆ ಇಂದು 0.6 ಮತ್ತು 1.6 ಎಂಬ ಸಂಖ್ಯೆಗಳು ಓದಲು ಸಿಗುತ್ತಿರುವುದಕ್ಕೆ ಹಿನ್ನೆಲೆ ಅದು.

ಬ್ಯಾನರ್ ಮುಗಿದ ರಾತ್ರಿ ತಂಗಿ ತನ್ನ ನೋಟ್ ಪುಸ್ತಕದಲ್ಲಿ ಎರಡು ಸಾಲು ಬರೆದಿಟ್ಟಳು. 'ಈವೆಂಟ್: 49, ಗ್ಯಾರಂಟಿ ಇದೆ.' ಅದರ ಕೆಳಗೆ 'ಸ್ಟ್ಯಾಂಡರ್ಡ್: 12.' ಎರಡರ ನಡುವೆ ಒಂದು ಗೆರೆಯನ್ನೂ ಎಳೆದಳು. ಮುಂದಿನ ಬ್ಯಾನರ್‌ನಲ್ಲಿ ಅವಳಿಗೆ ಅಷ್ಟೇನೂ ಬೇಡದ ಪಾತ್ರ ಬಂದಿದೆ. ಅದರಲ್ಲಿ ಒಂದು ಪುಲ್ ಕೂಡ ಮಾಡಿಲ್ಲ. ದಿನಕ್ಕೆ ಅರವತ್ತರಂತೆ 6,560ರ ಕಡೆಗೆ ಕೂಡಿಸುತ್ತಿದ್ದಾಳೆ.